ಲೈವ್ ರೇಟಿನಲ್ಲಿ ಕೋಳಿ ಕೊಂಡಾಗ ಒಂದು ಕೆಜಿ ಮಾಂಸಕ್ಕೆ ನಿಜವಾಗಿ ಬೀಳುವ ಬೆಲೆ

ನಾನು ಆರ್ಡರ್ ಮೇಲೆ ಊಟ ಮಾಡಿಕೊಡುವವಳು. ಕೋಳಿಯನ್ನು ಹೆಚ್ಚಾಗಿ ಜೀವಂತ ತೂಕದಲ್ಲೇ ಕೊಳ್ಳುತ್ತೇನೆ. ಎದುರಿಗೇ ಕೊಯ್ಯಿಸಿ, ಕ್ಲೀನ್ ಮಾಡಿಸಿ ತರುತ್ತೇನೆ. ಹಕ್ಕಿ ಚುರುಕಾಗಿದೆಯಾ, ಮಾಂಸ ತಾಜಾ ಇದೆಯಾ ಅಂತ ಕಣ್ಣಾರೆ ನೋಡಬಹುದು. ಆದರೆ ಬೋರ್ಡಿನ ಮೇಲೆ ಬರೆದಿರುವ ಲೈವ್ ರೇಟು ಮಾಂಸದ ರೇಟಲ್ಲ. ರಕ್ತ, ಪುಕ್ಕ, ಚರ್ಮ, ತಲೆ, ಕಾಲು, ಕರುಳು ಎಲ್ಲದಕ್ಕೂ ಅದೇ ರೇಟಿನಲ್ಲಿ ದುಡ್ಡು ಕೊಟ್ಟಿರುತ್ತೇವೆ. ಪಾತ್ರೆಗೆ ಬೀಳುವ ಮಾಂಸಕ್ಕೆ ಕೆಜಿಗೆ ಎಷ್ಟು ಬಿತ್ತು ಅನ್ನುವುದು ಗೊತ್ತಿಲ್ಲದೆ ಊಟದ ರೇಟು ಹೇಳಲು ಆಗುವುದಿಲ್ಲ. ಆ ಲೆಕ್ಕವನ್ನು ನಾನು ಹೇಗೆ ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಳಿ ದರ ದಿನಕ್ಕೊಂದು ಥರ, ಊರಿಗೊಂದು ಥರ. ಹಾಗಾಗಿ ಇಲ್ಲಿ ಲೈವ್ ರೇಟು ಕೆಜಿಗೆ 100 ಅಂತ ಇಟ್ಟುಕೊಳ್ಳುತ್ತೇನೆ. ಉತ್ತರ 160 ಬಂದರೆ, ಲೈವ್ ರೇಟಿನ 1.6 ಪಟ್ಟು ಅಂತ ಅರ್ಥ. ನಿಮ್ಮಲ್ಲಿ ರೇಟು ಎಷ್ಟೇ ಇರಲಿ, ಆ ಪಟ್ಟಿನಿಂದ ಗುಣಿಸಿಕೊಂಡರೆ ಸಾಕು.

ಒಂದು ಲಾಟಿನ ಲೆಕ್ಕವನ್ನೇ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಐದು ಬ್ರಾಯ್ಲರ್ ಕೋಳಿ. ಒಟ್ಟು ಜೀವಂತ ತೂಕ 10 ಕೆಜಿ 400 ಗ್ರಾಂ. ಅಂದರೆ ಒಂದೊಂದು ಹಕ್ಕಿ 2 ಕೆಜಿಗಿಂತ ಸ್ವಲ್ಪ ಜಾಸ್ತಿ. ಕೊಟ್ಟ ಹಣ 1040. ಕೊಯ್ದು ಸ್ಕಿನ್‌ಲೆಸ್ ಮಾಡುವಾಗ ಏನೇನು ಹೋಯಿತು ಅಂತ ಬೇರೆ ಬೇರೆ ಪಾತ್ರೆಗೆ ಹಾಕಿಸಿ ತೂಗಿದೆ. ರಕ್ತ ಸುಮಾರು 360 ಗ್ರಾಂ. ಪುಕ್ಕ 520 ಗ್ರಾಂ. ಚರ್ಮ, ಅದಕ್ಕೆ ಅಂಟಿದ ಕೊಬ್ಬು ಸೇರಿ 940 ಗ್ರಾಂ. ತಲೆ ಮತ್ತು ಕಾಲು, ಅಂದರೆ ಮೊಣಕಾಲಿನ ಕೆಳಗಿನ ಹಳದಿ ಭಾಗ, 710 ಗ್ರಾಂ. ಕರುಳು, ಶ್ವಾಸಕೋಶ, ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲ, ಇಂಥವೆಲ್ಲ ಸೇರಿ 1 ಕೆಜಿ 10 ಗ್ರಾಂ. ಲಿವರ್, ಗುಂಡಿಗೆ, ಕಾಳು ಅರೆಯುವ ಗಟ್ಟಿ ಚೀಲವನ್ನು ಸೀಳಿ ತೊಳೆದದ್ದು, ಈ ಮೂರೂ ಸೇರಿ 430 ಗ್ರಾಂ.

ಇವನ್ನೆಲ್ಲ ತೆಗೆದ ಮೇಲೆ ಉಳಿದದ್ದು 6 ಕೆಜಿ 430 ಗ್ರಾಂ. ಇದು ಚರ್ಮವಿಲ್ಲದ, ಮೂಳೆ ಇರುವ ಮಾಂಸ. ಕುತ್ತಿಗೆ ಇದರಲ್ಲೇ ಸೇರಿದೆ, ಲಿವರ್ ಗುಂಡಿಗೆ ಸೇರಿಲ್ಲ. 10.4ರಲ್ಲಿ 6.43 ಅಂದರೆ ಶೇಕಡಾ 61.8. ಇದನ್ನು ನಾವು ಇಳುವರಿ ಅಂತ ಕರೆಯುತ್ತೇವೆ. 2 ಕೆಜಿ ಆಸುಪಾಸಿನ ಬ್ರಾಯ್ಲರ್‌ಗೆ ಶೇಕಡಾ 60ರಿಂದ 64ರ ಒಳಗೆ ಬಂದರೆ ಸರಿಯಾಗಿ ಬಂದಿದೆ ಅಂತ ಲೆಕ್ಕ.

ಈಗ ಬೆಲೆ. 1040ನ್ನು 6.43ರಿಂದ ಭಾಗಿಸಿದರೆ 161.7. ಲೈವ್ ರೇಟು 100 ಇದ್ದಾಗ ನನ್ನ ಸ್ಕಿನ್‌ಲೆಸ್ ಮಾಂಸ ಕೆಜಿಗೆ 162ರ ಹತ್ತಿರ ಬಿತ್ತು.

ಬಹಳ ಜನ ಈ ಜಾಗದಲ್ಲಿ ಬೇರೆ ಥರ ಲೆಕ್ಕ ಹಾಕುತ್ತಾರೆ. ವೇಸ್ಟು ಶೇಕಡಾ 38 ಹೋಯಿತು, ಹಾಗಾದರೆ 100ಕ್ಕೆ 38 ಸೇರಿಸಿ 138 ಅಂತ ಹೇಳಿಬಿಡುತ್ತಾರೆ. ಕೇಳಲು ಸರಿ ಅನಿಸುತ್ತದೆ, ಆದರೆ ಅದು ತಪ್ಪು. ಆ 38 ಭಾಗ ಹೋದದ್ದು ಇಡೀ ಕೋಳಿಯ ತೂಕದಿಂದ. ಅದರ ಹಣವನ್ನು ಹೊರಬೇಕಾದದ್ದು ಉಳಿದ 62 ಭಾಗ ಮಾತ್ರ. 62 ಭಾಗದ ತಲೆ ಮೇಲೆ 100 ಭಾಗದ ದುಡ್ಡು ಕೂರುತ್ತದೆ. ಹಾಗಾಗಿ ಕೂಡಿಸಬಾರದು, ಭಾಗಿಸಬೇಕು. 138 ಮತ್ತು 162ರ ನಡುವಿನ 24 ಚಿಕ್ಕ ಮೊತ್ತವಲ್ಲ. ಊಟದ ರೇಟು ಹೇಳುವಾಗ ಇಷ್ಟು ಬಿಟ್ಟರೆ ಆರ್ಡರಿನ ಲಾಭ ಅಲ್ಲೇ ಕರಗಿಹೋಗುತ್ತದೆ.

ಇದೇ ತಪ್ಪು ತೂಕ ಹೇಳುವಾಗಲೂ ಆಗುತ್ತದೆ. ಒಂದು ಆರ್ಡರಿಗೆ 20 ಕೆಜಿ ಸ್ಕಿನ್‌ಲೆಸ್ ಮಾಂಸ ಬೇಕು ಅಂದುಕೊಳ್ಳಿ. 20ಕ್ಕೆ ಶೇಕಡಾ 38 ಸೇರಿಸಿದರೆ 27.6 ಕೆಜಿ ಲೈವ್ ಕೋಳಿ ಸಾಕು ಅನಿಸುತ್ತದೆ. ಅಷ್ಟು ಕೊಯ್ಯಿಸಿದರೆ ಕೈಗೆ ಬರುವುದು 17 ಕೆಜಿ ಚಿಲ್ಲರೆ ಮಾತ್ರ. ಅಡುಗೆಗೆ ಒಲೆ ಹಚ್ಚುವ ಹೊತ್ತಿಗೆ 3 ಕೆಜಿ ಕಡಿಮೆ! 20ನ್ನು 0.618ರಿಂದ ಭಾಗಿಸಿದರೆ 32.4 ಕೆಜಿ ಬರುತ್ತದೆ. ನಾನು 33 ಕೆಜಿ ಅಂತ ಹೇಳುತ್ತೇನೆ, ಯಾಕೆಂದರೆ ಎಲ್ಲ ಹಕ್ಕಿಯೂ ಒಂದೇ ಇಳುವರಿ ಕೊಡುವುದಿಲ್ಲ.

ಇನ್ನು "ಕ್ಲೀನ್ ಮಾಡಿದ್ದು" ಅನ್ನುವ ಮಾತು. ನನ್ನ ಪ್ರಕಾರ ಈ ವ್ಯವಹಾರದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಅದೇ ಐದು ಕೋಳಿಯನ್ನು ನಾಲ್ಕು ಥರ ಕ್ಲೀನ್ ಅಂತ ಕರೆಯಬಹುದು. ಚರ್ಮ ಇಟ್ಟು, ಲಿವರ್ ಗುಂಡಿಗೆ ಎಲ್ಲ ಸೇರಿಸಿ ತೂಗಿದರೆ 7 ಕೆಜಿ 800 ಗ್ರಾಂ. ಆಗ ಕೆಜಿಗೆ 133 ಬಿತ್ತು. ಚರ್ಮ ಇಟ್ಟು, ಲಿವರ್ ಗುಂಡಿಗೆ ಬಿಟ್ಟರೆ 7 ಕೆಜಿ 370 ಗ್ರಾಂ, ಬೆಲೆ 141. ಚರ್ಮ ತೆಗೆದು, ಲಿವರ್ ಗುಂಡಿಗೆ ಸೇರಿಸಿದರೆ 6 ಕೆಜಿ 860 ಗ್ರಾಂ, ಬೆಲೆ 152. ಚರ್ಮವೂ ಇಲ್ಲ, ಲಿವರ್ ಗುಂಡಿಗೆಯೂ ಇಲ್ಲ ಅಂದರೆ ಆಗಲೇ ಹೇಳಿದ 162. ಹಕ್ಕಿ ಅದೇ, ಕೊಟ್ಟ ದುಡ್ಡು ಅದೇ. ತಕ್ಕಡಿ ಮೇಲೆ ಏನು ಇಟ್ಟೆವು ಅನ್ನುವುದರ ಮೇಲೆ ಬೆಲೆ 133ರಿಂದ 162ರವರೆಗೆ ಓಡಾಡುತ್ತದೆ. ಇಬ್ಬರು ತಮ್ಮ ತಮ್ಮ ಇಳುವರಿ ಹೋಲಿಸಿಕೊಂಡು ಜಗಳ ಆಡುವುದನ್ನು ನೋಡಿದ್ದೇನೆ. ಒಬ್ಬರು ಶೇಕಡಾ 70 ಅಂತಾರೆ, ಇನ್ನೊಬ್ಬರು 62 ಅಂತಾರೆ. ಇಬ್ಬರದೂ ಸರಿ. ಒಬ್ಬರು ತೂಗಿದ್ದು ಚರ್ಮ ಇರುವ ಮಾಂಸ, ಇನ್ನೊಬ್ಬರು ತೂಗಿದ್ದು ಚರ್ಮ ತೆಗೆದದ್ದು.

ಹಾಗಾಗಿ ನನ್ನ ಪುಸ್ತಕದಲ್ಲಿ ಇಳುವರಿ ಬರೆಯುವಾಗ ಪಕ್ಕದಲ್ಲೇ ಏನು ಸೇರಿದೆ ಅಂತಲೂ ಬರೆಯುತ್ತೇನೆ. ನನಗೆ ಅಡುಗೆಗೆ ಬೇಕಾಗುವುದು ಚರ್ಮವಿಲ್ಲದ, ಮೂಳೆ ಇರುವ ತುಂಡು. ಹಾಗಾಗಿ ಅದನ್ನೇ ಮುಖ್ಯ ತೂಕ ಮಾಡಿಕೊಂಡಿದ್ದೇನೆ. ಕುತ್ತಿಗೆ ಅದರಲ್ಲಿ ಸೇರುತ್ತದೆ. ಲಿವರ್, ಗುಂಡಿಗೆ ಬೇರೆ.

ಕೊಯ್ದು ಕತ್ತರಿಸುವ ಕೂಲಿಯನ್ನೂ ಮರೆಯಬಾರದು. ಕೆಲವು ಕಡೆ ಅದು ರೇಟಿನಲ್ಲೇ ಸೇರಿರುತ್ತದೆ, ಕೆಲವು ಕಡೆ ಹಕ್ಕಿಗೆ ಇಷ್ಟು ಅಂತ ಬೇರೆ ತೆಗೆದುಕೊಳ್ಳುತ್ತಾರೆ. ಈ ಲಾಟಿಗೆ ಹಕ್ಕಿಗೆ 5ರಂತೆ 25 ಆಯಿತು ಅಂತ ಇಟ್ಟುಕೊಳ್ಳೋಣ. ಆಗ ಒಟ್ಟು ಖರ್ಚು 1065, ಸ್ಕಿನ್‌ಲೆಸ್ ಮಾಂಸ ಕೆಜಿಗೆ 165.6. ಕೂಲಿ ಹಕ್ಕಿಗೆ ಇಷ್ಟು ಅಂತ ಇದ್ದರೆ ಸಣ್ಣ ಹಕ್ಕಿ ಕೊಳ್ಳುವವರಿಗೆ ಏಟು ಜಾಸ್ತಿ. ಅಷ್ಟೇ ತೂಕದ ಮಾಂಸಕ್ಕೆ ಜಾಸ್ತಿ ಹಕ್ಕಿ ಬೇಕಾಗುತ್ತದೆ, ಅಷ್ಟೂ ಹಕ್ಕಿಗೆ ಕೂಲಿ ಬೀಳುತ್ತದೆ.

ಲಿವರ್, ಗುಂಡಿಗೆ ಬಿಸಾಡುವವರು 165.6 ಅನ್ನೇ ಇಟ್ಟುಕೊಳ್ಳಬೇಕು. ನಾನು ಬಿಸಾಡುವುದಿಲ್ಲ. ಅದಕ್ಕೊಂದು ಬೆಲೆ ಕಟ್ಟಿ ಒಟ್ಟು ಖರ್ಚಿನಿಂದ ಕಳೆಯುತ್ತೇನೆ. ಬೆಲೆ ಕಟ್ಟುವಾಗ ಮಾಂಸದ ಅರ್ಧ ಬೆಲೆ ಅಂತ ಹಿಡಿಯುತ್ತೇನೆ, ಅಂದರೆ ಕೆಜಿಗೆ 80. ಯಾಕೆ ಅರ್ಧ ಅಂದರೆ, ಅದು ಬೇಕು ಅಂತ ನಾನು ದುಡ್ಡು ಕೊಟ್ಟು ಕೊಳ್ಳುವುದಾದರೆ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. 430 ಗ್ರಾಮಿಗೆ 34 ಆಯಿತು. 1065ರಿಂದ 34 ಕಳೆದರೆ 1031. ಅದನ್ನು 6.43ರಿಂದ ಭಾಗಿಸಿದರೆ 160.3. ಈ ಸಂಖ್ಯೆಯನ್ನು ನನ್ನ ನಿಜವಾದ ಮಾಂಸದ ಬೆಲೆ ಅಂತ ಹಿಡಿಯುತ್ತೇನೆ. ಒಂದು ಷರತ್ತು ಇದೆ. ಲಿವರ್ ನಿಜವಾಗಿ ಅಡುಗೆಗೆ ಹೋದರೆ ಮಾತ್ರ ಈ ಹಣ ಕಳೆಯಬೇಕು. ಫ್ರಿಜ್‌ನಲ್ಲಿ ಉಳಿದು ಕೊನೆಗೆ ಹೊರಗೆ ಹೋಗುವುದಾದರೆ ಅದರ ಬೆಲೆ ಸೊನ್ನೆ, ಲೆಕ್ಕದಲ್ಲೂ ಸೊನ್ನೆ.

ಚರ್ಮದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 940 ಗ್ರಾಂ ಅಂದರೆ ಜೀವಂತ ತೂಕದ ಶೇಕಡಾ 9. ಪುಕ್ಕದಂತೆ ಅದು ಬರೀ ವೇಸ್ಟಲ್ಲ, ತಿನ್ನುವ ವಸ್ತುವೇ. ಚರ್ಮ ಇಟ್ಟುಕೊಂಡೇ ಬೇಯಿಸುವವರಿಗೆ ಲೈವ್ ಕೋಳಿ ಹೆಚ್ಚು ಲಾಭ, ಯಾಕೆಂದರೆ ಇಳುವರಿ ಒಮ್ಮೆಲೇ 62ರಿಂದ 71ಕ್ಕೆ ಏರುತ್ತದೆ. ಆದರೆ ಚರ್ಮ ಇರುವ ಕೋಳಿಗೆ ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳಬೇಕು. ಸ್ಕಿನ್‌ಲೆಸ್ ಆದರೆ ಚರ್ಮದ ಜೊತೆಗೇ ಪುಕ್ಕವನ್ನೂ ಎಳೆದು ತೆಗೆಯುತ್ತಾರೆ. ಆ ಕೆಲಸ ಬೇಗ ಆಗುತ್ತದೆ. ಆದರೆ ಅವಸರದಲ್ಲಿ ಎಳೆದರೆ ರೆಕ್ಕೆಯ ತುದಿ ಕಿತ್ತುಬರುತ್ತದೆ, ಬೆನ್ನಿನ ಮೇಲಿನ ತೆಳು ಮಾಂಸ ಚರ್ಮದ ಜೊತೆಗೇ ಹೋಗುತ್ತದೆ. ತೆಗೆದ ಚರ್ಮದ ಒಳಮೈ ನೋಡಿದರೆ ಗೊತ್ತಾಗುತ್ತದೆ. ಹಳದಿ ಕೊಬ್ಬು ಮಾತ್ರ ಇದ್ದರೆ ಸರಿ. ಗುಲಾಬಿ ಬಣ್ಣದ ಎಳೆಗಳು ಅಂಟಿದ್ದರೆ ಅದು ನಾವು ದುಡ್ಡು ಕೊಟ್ಟ ಮಾಂಸ. ನಿಧಾನ ಮಾಡಿ ಅಂತ ಅಲ್ಲೇ ಹೇಳಿಬಿಡುತ್ತೇನೆ. ನಿಂತು ನೋಡುತ್ತಿದ್ದರೆ ಕೈ ತಾನಾಗಿಯೇ ಹದಕ್ಕೆ ಬರುತ್ತದೆ.

ಚರ್ಮ ಇರುವ ಮಾಂಸದ ರೇಟು ಕಡಿಮೆ ಅಂತ ಕೊಂಡು, ಮನೆಗೆ ತಂದು ಚರ್ಮ ತೆಗೆಯುವವರಿಗೂ ಒಂದು ಲೆಕ್ಕ ಇದೆ. ನನ್ನ ಲಾಟಿನಲ್ಲಿ 7.37 ಕೆಜಿ ಚರ್ಮ ತೆಗೆದ ಮೇಲೆ 6.43 ಆಯಿತು. ಅಂದರೆ ಚರ್ಮ ಇರುವ ಮಾಂಸದ ರೇಟನ್ನು 1.15ರಿಂದ ಗುಣಿಸಿದರೆ ಸ್ಕಿನ್‌ಲೆಸ್ ರೇಟು. ಎರಡು ರೇಟಿನ ನಡುವೆ ಶೇಕಡಾ 15ಕ್ಕಿಂತ ಕಡಿಮೆ ಅಂತರ ಇದ್ದರೆ ನೇರವಾಗಿ ಸ್ಕಿನ್‌ಲೆಸ್ ಕೊಳ್ಳುವುದೇ ಒಳ್ಳೆಯದು.

ಮೂಳೆಗೆ ಬರೋಣ. ಇದೇ 6.43 ಕೆಜಿಯನ್ನು ಬೋನ್‌ಲೆಸ್ ಮಾಡಿಸಿದೆ. ಎದೆ ಭಾಗದಿಂದ 2 ಕೆಜಿ 290 ಗ್ರಾಂ, ತೊಡೆ ಮತ್ತು ಲೆಗ್ ಪೀಸಿನಿಂದ 1 ಕೆಜಿ 770 ಗ್ರಾಂ ಬಂತು. ಒಟ್ಟು 4 ಕೆಜಿ 60 ಗ್ರಾಂ. ಜೀವಂತ ತೂಕದ ಶೇಕಡಾ 39. ರೆಕ್ಕೆ ಮತ್ತು ಕುತ್ತಿಗೆಯ ಮೂಳೆ ಬಿಡಿಸಲು ಹೋಗುವುದಿಲ್ಲ, ಬಿಡಿಸಿದರೂ ಸಿಗುವುದು ಚೂರುಪಾರು. ಅವು 840 ಗ್ರಾಂ. ಉಳಿದ 1 ಕೆಜಿ 530 ಗ್ರಾಂ ಎದೆಗೂಡು, ಬೆನ್ನು, ಕಾಲಿನ ಮೂಳೆ ಮತ್ತು ಅಂಚು ಕತ್ತರಿಸಿದ್ದು.

1065ನ್ನು ಸುಮ್ನೆ 4.06ರಿಂದ ಭಾಗಿಸಿದರೆ ಕೆಜಿಗೆ 262 ಬರುತ್ತದೆ. ಲೈವ್ ರೇಟಿನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಈ ಸಂಖ್ಯೆ ನೋಡಿ ಗಾಬರಿ ಆಗುವವರು ಇದ್ದಾರೆ. ಆದರೆ ರೆಕ್ಕೆ, ಕುತ್ತಿಗೆ ಎಲ್ಲೂ ಹೋಗಿಲ್ಲ, ಬೇರೆ ಅಡುಗೆಗೆ ಹೋಗಿವೆ. ಅವಕ್ಕೆ ಮೂಳೆ ಇರುವ ಮಾಂಸದ ಬೆಲೆಯೇ ಕಟ್ಟುತ್ತೇನೆ. ಕೆಜಿಗೆ 160ರಂತೆ 840 ಗ್ರಾಮಿಗೆ 134. ಲಿವರ್ ಕಳೆದ ಮೇಲಿನ 1031ರಿಂದ 134 ತೆಗೆದರೆ 897. ಅದನ್ನು 4.06ರಿಂದ ಭಾಗಿಸಿದರೆ 221. ರೆಕ್ಕೆ, ಕುತ್ತಿಗೆ, ಲಿವರ್ ಎಲ್ಲ ಬಳಸುವವರಿಗೆ ಬೋನ್‌ಲೆಸ್ ಬೆಲೆ 221. ಏನೂ ಬಳಸದೆ ಬರೀ ಬೋನ್‌ಲೆಸ್ ಇಟ್ಟುಕೊಳ್ಳುವವರಿಗೆ 262. ಎದೆಗೂಡಿನ ಮೂಳೆಯನ್ನು ಕುದಿಸಿ ಅದರ ನೀರನ್ನು ಅಡುಗೆಗೆ ಬಳಸುತ್ತೇನೆ. ಆದರೆ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟುವುದಿಲ್ಲ. ಅದನ್ನು ಯಾರಿಗೂ ಮಾರುವುದಿಲ್ಲ, ಕುದಿಸಲು ಗ್ಯಾಸೂ ಬೇಕು.

ಇಲ್ಲಿ ಇನ್ನೊಂದು ಮಾತು. ಬೋನ್‌ಲೆಸ್ ಬೆಲೆಯನ್ನೂ ಮೂಳೆ ಇರುವ ಮಾಂಸದ ಬೆಲೆಯನ್ನೂ ನೇರವಾಗಿ ಹೋಲಿಸಬಾರದು. 160ರ ಒಂದು ಕೆಜಿಯಲ್ಲಿ ಮೂಳೆಯೂ ಇದೆ, ತಿನ್ನುವುದು ಅದಕ್ಕಿಂತ ಕಡಿಮೆ. ಹಾಗಂತ ಮೂಳೆ ಅಂಟಿದ ಮಾಂಸವೂ ವ್ಯರ್ಥ ಆಗುವುದಿಲ್ಲ. ಚಾಕುವಿನಲ್ಲಿ ಬಿಡಿಸುವಾಗ ಪಕ್ಕೆಲುಬಿನ ನಡುವೆ, ಬೆನ್ನಿನ ಮೇಲೆ ಉಳಿದುಬಿಡುವ ಮಾಂಸವನ್ನು ತಿನ್ನುವವರು ಕಚ್ಚಿ ತಿನ್ನುತ್ತಾರೆ. ಹಾಗಾಗಿ ಹೊಟ್ಟೆಗೆ ಹೋಗುವ ಮಾಂಸದ ಲೆಕ್ಕದಲ್ಲಿ ಮೂಳೆ ಸಮೇತ ಅಡುಗೆಯೇ ಯಾವಾಗಲೂ ಅಗ್ಗ. ಬೋನ್‌ಲೆಸ್ ಬೇಕೇ ಬೇಕು ಅನ್ನುವ ಅಡುಗೆಗೆ ಮಾತ್ರ ನಾನು ಬಿಡಿಸುತ್ತೇನೆ. ಅದರಲ್ಲೂ ದೊಡ್ಡ ಪ್ರಮಾಣ ಬೇಕಾದಾಗ ಎದೆ ಭಾಗವನ್ನೇ ಬೇರೆ ಕೊಳ್ಳುವುದು ಎಷ್ಟೋ ಸಲ ಅಗ್ಗ ಬೀಳುತ್ತದೆ. 20 ಕೆಜಿ ಬೋನ್‌ಲೆಸ್‌ಗೆ 51 ಕೆಜಿ ಲೈವ್ ಕೋಳಿ ಬೇಕು. ಅದರಿಂದ ಬರುವ 4 ಕೆಜಿ ರೆಕ್ಕೆ, ಕುತ್ತಿಗೆಯನ್ನು ಅದೇ ದಿನ ಎಲ್ಲಿ ಬಳಸುವುದು?

ಇಳುವರಿ ಒಂದೇ ಸಮ ಇರುವುದಿಲ್ಲ ಅಂದೆ. ಅದನ್ನು ಮೇಲೆ ಕೆಳಗೆ ಮಾಡುವ ದೊಡ್ಡ ಕಾರಣ ಹಕ್ಕಿಯ ಗಾತ್ರ. ಸಣ್ಣ ಹಕ್ಕಿಯಲ್ಲಿ ತಲೆ, ಕಾಲು, ಪುಕ್ಕ, ಕರುಳು ಇವುಗಳ ಪಾಲು ಜಾಸ್ತಿ. ಹಕ್ಕಿ ಬೆಳೆದಂತೆ ಎದೆಯ ಮಾಂಸ ಬೇಗ ಬೇಗ ತುಂಬಿಕೊಳ್ಳುತ್ತದೆ, ತಲೆ ಕಾಲು ಅಷ್ಟು ಬೆಳೆಯುವುದಿಲ್ಲ. 1.2 ಕೆಜಿಯ ಬ್ರಾಯ್ಲರ್ ನನಗೆ ಶೇಕಡಾ 58ರ ಆಸುಪಾಸು ಕೊಡುತ್ತದೆ, 2.5 ಕೆಜಿಯದ್ದು 64ರ ಹತ್ತಿರ. ಲೈವ್ ರೇಟು ಎರಡಕ್ಕೂ 100 ಅಂದರೆ, ಸಣ್ಣದರ ಮಾಂಸ 172, ದೊಡ್ಡದರದ್ದು 156. ಕೂಲಿ ಬಿಟ್ಟೇ 16 ವ್ಯತ್ಯಾಸ. ಹಾಗಾಗಿ ದೊಡ್ಡ ಹಕ್ಕಿಗೆ ಕೆಜಿಗೆ ಸ್ವಲ್ಪ ಜಾಸ್ತಿ ಕೇಳಿದರೂ ನಾನು ಹಿಂಜರಿಯುವುದಿಲ್ಲ. 110ರವರೆಗೂ ಕೊಡಬಹುದು, ಆಗ ಎರಡೂ ಒಂದೇ ಬೆಲೆಗೆ ಬಂದು ನಿಲ್ಲುತ್ತವೆ. ಅದಕ್ಕೂ ಒಂದು ಮಿತಿ ಇದೆ. ತುಂಬ ದೊಡ್ಡ ಹಕ್ಕಿಯಲ್ಲಿ ಹೊಟ್ಟೆಯ ಕೊಬ್ಬು ಜಾಸ್ತಿ. ಒಂದೇ ಅಳತೆಯ ತುಂಡು ಮಾಡುವುದೂ ಕಷ್ಟ. ತಟ್ಟೆಗೆ ತುಂಡಿನ ಲೆಕ್ಕದಲ್ಲಿ ಬಡಿಸುವವರಿಗೆ ಅದು ತೊಂದರೆ.

ಮೊಟ್ಟೆ ಇಟ್ಟು ಮುಗಿಸಿದ ಕೋಳಿಯನ್ನು ಅಗ್ಗವಾಗಿ ಕೊಡುತ್ತಾರೆ. ಅದರಲ್ಲಿ ಎದೆ ತೆಳು, ಹೊಟ್ಟೆಯಲ್ಲಿ ಕೊಬ್ಬು, ಇನ್ನೂ ಇಡದ ಮೊಟ್ಟೆಯ ಹಳದಿ ಗೊಂಚಲು. ಮಾಂಸದ ಇಳುವರಿ ಬ್ರಾಯ್ಲರ್‌ಗಿಂತ ಕಡಿಮೆ, ಬೇಯಿಸಲು ಹೊತ್ತೂ ಜಾಸ್ತಿ. ಅದರ ಲೈವ್ ರೇಟನ್ನು ಬ್ರಾಯ್ಲರ್ ಲೈವ್ ರೇಟಿನ ಪಕ್ಕ ಇಟ್ಟು ನೋಡಬಾರದು. ಒಂದು ಹಕ್ಕಿ ಕೊಯ್ಯಿಸಿ, ತೂಗಿ, ಭಾಗಿಸಿ ನೋಡಿದ ಮೇಲೆ ಮಾತಾಡಬೇಕು.

ಎರಡನೆಯ ಕಾರಣ ಹೊಟ್ಟೆಯಲ್ಲಿರುವ ಮೇವು ಮತ್ತು ನೀರು. ಕೊಯ್ಯುವ ಮೊದಲು 8ರಿಂದ 12 ಗಂಟೆ ಹಕ್ಕಿಗೆ ಮೇವು ಕೊಡದೆ ಇರಿಸುವುದು ಸರಿಯಾದ ಕ್ರಮ. ಕರುಳು ಖಾಲಿ ಇದ್ದರೆ ಮಾಂಸವೂ ಶುಚಿಯಾಗಿ ಬರುತ್ತದೆ, ಕರುಳು ಒಡೆದರೂ ಅಷ್ಟು ಗಲೀಜಾಗುವುದಿಲ್ಲ. ಮೇವು ತಿಂದ ಕೂಡಲೇ ತಕ್ಕಡಿಗೆ ಬಂದ ಹಕ್ಕಿಯಾದರೆ ಆ ಮೇವಿಗೂ ಮಾಂಸದ ಹಕ್ಕಿಯ ರೇಟು ಕೊಟ್ಟ ಹಾಗೆ. ನನ್ನ ಐದು ಹಕ್ಕಿಯಲ್ಲಿ ಒಂದೊಂದರಲ್ಲೂ 70 ಗ್ರಾಂ ಮೇವು, ನೀರು ಜಾಸ್ತಿ ಇದ್ದಿದ್ದರೆ 350 ಗ್ರಾಂ. ಲೈವ್ ತೂಕ 10.75 ಆಗುತ್ತಿತ್ತು, ಮಾಂಸ ಅದೇ 6.43. ಬೆಲೆ 162ರಿಂದ 167ಕ್ಕೆ ಹೋಗುತ್ತಿತ್ತು. ಕಣ್ಣಿಗೆ ಕಾಣದೆ ಕೆಜಿಗೆ 5 ಹೋಯಿತು.

ಇದನ್ನು ಕೈಯಿಂದಲೇ ಪರೀಕ್ಷೆ ಮಾಡಬಹುದು. ಹಕ್ಕಿಯ ಕುತ್ತಿಗೆ ಎದೆಗೆ ಸೇರುವ ಜಾಗದಲ್ಲಿ, ಸ್ವಲ್ಪ ಬಲಕ್ಕೆ, ಕಾಳಿನ ಚೀಲ ಇರುತ್ತದೆ. ಮೆಲ್ಲಗೆ ಒತ್ತಿದರೆ ಗೊತ್ತಾಗುತ್ತದೆ. ಖಾಲಿ ಇದ್ದರೆ ಬರೀ ಸಡಿಲ ಚರ್ಮ ಸಿಗುತ್ತದೆ. ತುಂಬಿದ್ದರೆ ಹಿಟ್ಟಿನ ಉಂಡೆಯಂತೆ ಕೈಗೆ ತಾಗುತ್ತದೆ, ನೀರು ಕುಡಿದಿದ್ದರೆ ಜೋಲಾಡುತ್ತದೆ. ನಾನು ಒಂದೆರಡು ಹಕ್ಕಿ ಮುಟ್ಟಿ ನೋಡಿಯೇ ತೂಗಲು ಹೇಳುತ್ತೇನೆ. ತುಂಬಿದ್ದರೆ ಅದನ್ನು ತೋರಿಸಿ, ಇಷ್ಟು ಗ್ರಾಂ ಬಿಡಿ ಅಂತ ಕೇಳುತ್ತೇನೆ. ತೋರಿಸಿ ಕೇಳಿದರೆ ಬಿಡುತ್ತಾರೆ. ಅದೇ ರೀತಿ ಮಳೆಯಲ್ಲಿ ನೆನೆದ ಹಕ್ಕಿಯ ಪುಕ್ಕ ನೀರು ಹೀರಿ ಭಾರ ಆಗಿರುತ್ತದೆ. ಬುಟ್ಟಿಯಲ್ಲಿಟ್ಟು ತೂಗುವುದಾದರೆ ಖಾಲಿ ಬುಟ್ಟಿಯ ತೂಕವನ್ನು ಮೊದಲು ನೋಡಿಕೊಳ್ಳಬೇಕು.

ಮೂರನೆಯದು ಕ್ಲೀನ್ ಆದ ಮೇಲಿನ ನೀರು. ಇದು ಉಲ್ಟಾ ದಿಕ್ಕಿನಲ್ಲಿ ಲೆಕ್ಕ ತಪ್ಪಿಸುತ್ತದೆ. ನನ್ನ ಲಾಟನ್ನು ತೊಳೆದ ತಕ್ಷಣ ತೂಗಿದಾಗ 6 ಕೆಜಿ 560 ಗ್ರಾಂ ಇತ್ತು. ಜಾಲರಿ ಬುಟ್ಟಿಯಲ್ಲಿ ಅರ್ಧ ಗಂಟೆ ಸೋರಲು ಬಿಟ್ಟ ಮೇಲೆ 6 ಕೆಜಿ 430 ಗ್ರಾಂ. 130 ಗ್ರಾಂ ಬರೀ ನೀರು. ಒದ್ದೆ ತೂಕ ಹಿಡಿದರೆ ಬೆಲೆ 158.5 ಅಂತ ಕಾಣುತ್ತದೆ, ಇಳುವರಿ ಚೆನ್ನಾಗಿ ಬಂತು ಅಂತ ಖುಷಿಯೂ ಆಗುತ್ತದೆ. ಆದರೆ ಆ ನೀರು ತಟ್ಟೆಗೆ ಬರುವುದಿಲ್ಲ. ಹಾಗಾಗಿ ನಾನು ಯಾವಾಗಲೂ ಸೋರಿಸಿದ ಮೇಲಿನ ತೂಕವನ್ನೇ ಬರೆಯುತ್ತೇನೆ. ಕ್ಲೀನ್ ಮಾಡಿದ ಮಾಂಸವನ್ನೇ ಕೊಳ್ಳುವವರು ಇದನ್ನು ಇನ್ನೂ ಗಮನಿಸಬೇಕು. ಕವರಿನ ತಳದಲ್ಲಿ ನೀರು ನಿಂತಿದ್ದರೆ ಅದನ್ನು ಬಸಿದು ಮತ್ತೊಮ್ಮೆ ತೂಗಿಸುವುದರಲ್ಲಿ ನಾಚಿಕೆ ಏನಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ 2 ಕೆಜಿ ಹಕ್ಕಿಗೆ ಇಳುವರಿ ಶೇಕಡಾ 58ಕ್ಕಿಂತ ಕೆಳಗೆ ಬಂದರೆ ಎಲ್ಲೋ ಮಾಂಸ ಕಡಿಮೆ ಆಗಿದೆ ಅಂತಲೇ ಅರ್ಥ. ಆಗ ತುಂಡು ಎಣಿಸಬೇಕು. ಐದು ಹಕ್ಕಿ ಅಂದರೆ ಹತ್ತು ಲೆಗ್ ಪೀಸ್, ಹತ್ತು ತೊಡೆ, ಹತ್ತು ರೆಕ್ಕೆ, ಐದು ಕುತ್ತಿಗೆ ಇರಲೇಬೇಕು. ಐದು ಲಿವರ್, ಐದು ಗುಂಡಿಗೆಯೂ ಇರಬೇಕು. ಹೆಚ್ಚಾಗಿ ಕಾಣೆಯಾಗುವುದು ಕುತ್ತಿಗೆ. ತಲೆ ಕತ್ತರಿಸುವಾಗ ಕೆಳಗೆ ಹಿಡಿದು ಕತ್ತರಿಸಿದರೆ ಅರ್ಧ ಕುತ್ತಿಗೆ ತಲೆಯ ಜೊತೆಗೇ ಹೋಗುತ್ತದೆ. ಅದು ಬೇಕು ಅಂತ ಮಾಡಿದ್ದೇ ಆಗಿರಬೇಕಿಲ್ಲ, ಅವಸರದ ಕೆಲಸ. ದೊಡ್ಡ ಆರ್ಡರಿನಲ್ಲಿ ಎಲ್ಲರ ಕೋಳಿಯನ್ನೂ ಒಂದೇ ಕಡೆ ಕತ್ತರಿಸುತ್ತಿದ್ದರೆ ನನ್ನದನ್ನು ಬೇರೆ ಪಾತ್ರೆಗೆ ಹಾಕಿ ಅಂತ ಮೊದಲೇ ಹೇಳಿರುತ್ತೇನೆ. ಸಣ್ಣ ತುಂಡು ಮಾಡುವ ಮುಂಚೆ, ಇಡೀ ಹಕ್ಕಿ ಇದ್ದಾಗಲೇ ತೂಗಿಸಿಕೊಳ್ಳುತ್ತೇನೆ. ತುಂಡಾದ ಮೇಲೆ ಯಾವುದು ಯಾರದು ಅಂತ ಹೇಳುವುದು ಕಷ್ಟ.

ಇನ್ನು ಲೈವ್ ಕೊಳ್ಳುವುದಾ, ಕ್ಲೀನ್ ಮಾಡಿದ್ದೇ ಕೊಳ್ಳುವುದಾ ಅನ್ನುವ ಪ್ರಶ್ನೆ. ಇದಕ್ಕೆ ನಾನು ನೋಡುವುದು ಆ ದಿನದ ಎರಡು ರೇಟಿನ ಅನುಪಾತ. ಲೈವ್ 100 ಇದ್ದು, ಸ್ಕಿನ್‌ಲೆಸ್ 175 ಅಂದರೆ ಯೋಚನೆಯೇ ಬೇಡ, ಲೈವ್ ಕೊಂಡು ಕೊಯ್ಯಿಸುತ್ತೇನೆ. ಕೂಲಿ ಸೇರಿಸಿದರೂ 165.6 ಬೀಳುತ್ತದೆ, ಕೆಜಿಗೆ 9 ಉಳಿಯಿತು. ಸ್ಕಿನ್‌ಲೆಸ್ 150 ಅಂದರೆ ಕ್ಲೀನ್ ಮಾಡಿದ್ದನ್ನೇ ಕೊಳ್ಳುತ್ತೇನೆ, ಮಾಂಸ ತಾಜಾ ಇದ್ದರೆ ಮಾತ್ರ. ಕಷ್ಟ ಇರುವುದು ನಡುವಿನ ರೇಟಿನಲ್ಲಿ. 158 ಅಂತ ಹೇಳಿದರು ಅಂದುಕೊಳ್ಳಿ. ಆ ತೂಕದಲ್ಲಿ ಲಿವರ್, ಗುಂಡಿಗೆ ಸೇರದೆ ಬರೀ ಮಾಂಸ ಅಂದರೆ 158 ಅಗ್ಗ, ಯಾಕೆಂದರೆ ನಾನೇ ಕೊಯ್ಯಿಸಿದರೆ 165.6 ಆಗುತ್ತದೆ. ಲಿವರ್ ಬೆಲೆ ಕಳೆದರೂ 160.3 ಆಗುತ್ತದೆ. ಅದೇ 158ರಲ್ಲಿ ಲಿವರ್, ಗುಂಡಿಗೆ ಸೇರಿಸಿ ತೂಗುತ್ತಾರೆ ಅಂದರೆ ನನ್ನ ಹೋಲಿಕೆಯ ಸಂಖ್ಯೆಯೂ ಬದಲಾಗಬೇಕು. ಕೂಲಿ ಸೇರಿದ 1065ನ್ನು 6.86ರಿಂದ ಭಾಗಿಸಿದರೆ 155. ಆಗ ಅದೇ 158 ದುಬಾರಿ. ಹಾಗಾಗಿ ರೇಟು ಕೇಳಿದ ಕೂಡಲೇ ನಾನು ಕೇಳುವ ಎರಡನೇ ಪ್ರಶ್ನೆ, "ತೂಕದಲ್ಲಿ ಲಿವರ್ ಸೇರುತ್ತಾ, ಚರ್ಮ ಪೂರ್ತಿ ತೆಗೆದಿರುತ್ತಾ?" ಅಂತ.

ಪುಸ್ತಕದಲ್ಲಿ ಪ್ರತಿ ಲಾಟಿಗೆ ಒಂದು ಸಾಲು ಬರೆಯುತ್ತೇನೆ. ಹಕ್ಕಿ ಎಷ್ಟು, ಲೈವ್ ತೂಕ, ಸೋರಿಸಿದ ಮೇಲಿನ ಸ್ಕಿನ್‌ಲೆಸ್ ತೂಕ, ಲಿವರ್ ಗುಂಡಿಗೆಯ ತೂಕ, ಕೂಲಿ. ಊಟದ ರೇಟು ಹೇಳುವಾಗ ಚೆನ್ನಾಗಿ ಬಂದ ಲಾಟಿನ ಇಳುವರಿ ಹಿಡಿಯುವುದಿಲ್ಲ. ಇತ್ತೀಚಿನ ಲಾಟುಗಳ ಒಟ್ಟು ಮಾಂಸವನ್ನು ಒಟ್ಟು ಲೈವ್ ತೂಕದಿಂದ ಭಾಗಿಸಿ ಬಂದ ಇಳುವರಿಯನ್ನೇ ಹಿಡಿಯುತ್ತೇನೆ. ಬೇರೆ ಬೇರೆ ಲಾಟಿನ ಶೇಕಡಾವಾರು ಕೂಡಿಸಿ ಸರಾಸರಿ ತೆಗೆದರೆ 5 ಕೆಜಿಯ ಲಾಟಿಗೂ 50 ಕೆಜಿಯ ಲಾಟಿಗೂ ಒಂದೇ ಬೆಲೆ ಕೊಟ್ಟ ಹಾಗಾಗುತ್ತದೆ. ಒಟ್ಟು ತೂಕದಲ್ಲಿ ತೆಗೆದರೆ ಆ ತೊಂದರೆ ಇಲ್ಲ. ಹಕ್ಕಿಯ ಗಾತ್ರ ಬದಲಾದರೆ ಮಾತ್ರ ಹಳೆಯ ಸರಾಸರಿ ಬಿಟ್ಟು ಹೊಸದಾಗಿ ಶುರು ಮಾಡುತ್ತೇನೆ.